ಚೌಕಕ್ಕೊಂದು ಅಕ್ಷರ ಬರೆದ ಫಾರಂಗಳನ್ನು ಮತ್ತೆ ಹೆಸರು, ವಿಳಾಸ, ನಂಬರ್ ಆಗಿ ಜೋಡಿಸೋದು ಹೇಗೆ?

ಪ್ರಶ್ನೆ: ಸರ್, ನಮ್ಮ ಸಹಕಾರ ಸಂಘದಲ್ಲಿ ಸುಮಾರು ನಾಲ್ಕು ಸಾವಿರ ಹಳೆಯ ಸದಸ್ಯತ್ವದ ಫಾರಂ ಇವೆ. ಎಲ್ಲವೂ ಚೌಕ ಚೌಕದ ಫಾರಂ, ಕೈಬರಹ. ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಬರಹ ಓದುವ ಓಸಿಆರ್‌ಗೆ ಹಾಕಿದರೆ ಹೆಸರು `I S U R E S H I A K M` ಅಂತ ಬರುತ್ತೆ. ವಿಳಾಸದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಖಾತೆ ನಂಬರಲ್ಲಿ ಎಷ್ಟೋ ಸಲ ಒಂದು ಅಂಕಿ ಕಮ್ಮಿ. ಹೆಸರಿನ ಒಂದು ಸಾಲು ಕನ್ನಡದಲ್ಲೂ ಇದೆ, ಅದಂತೂ ಏನೇನೋ ಬರುತ್ತೆ. ಸರಿಯಾಗಿ ಜೋಡಿಸೋಕೆ ದಾರಿ ಇದೆಯಾ?

ಉತ್ತರ: ಇದೆ. ಆದರೆ ಮೊದಲು ಇಡೀ ಸಾಲನ್ನು ಒಟ್ಟಿಗೆ ಓಸಿಆರ್‌ಗೆ ಕೊಡೋದನ್ನು ನಿಲ್ಲಿಸಿ. ಅರ್ಧ ತೊಂದರೆ ಶುರುವಾಗೋದೇ ಅಲ್ಲಿ.

ಸಾಮಾನ್ಯ ಓಸಿಆರ್ ಒಂದು ಪದ ಎಲ್ಲಿ ಮುಗಿಯಿತು ಅನ್ನೋದನ್ನು ಅಕ್ಷರಗಳ ನಡುವಿನ ಜಾಗ ನೋಡಿ ತೀರ್ಮಾನಿಸುತ್ತದೆ. ಪುಸ್ತಕದಲ್ಲಿ ಅದು ಸರಿ. ಚೌಕದ ಫಾರಂನಲ್ಲಿ ಎಲ್ಲ ಅಕ್ಷರಗಳ ನಡುವೆಯೂ ಜಾಗ ಇರುತ್ತದೆ, ಹಾಗಾಗಿ ಒಮ್ಮೆ ಪ್ರತಿ ಅಕ್ಷರವನ್ನೂ ಬೇರೆ ಪದ ಅಂತ ತಿಳಿಯುತ್ತದೆ, ಇನ್ನೊಮ್ಮೆ ಬೇಕಾದ ಖಾಲಿ ಚೌಕವನ್ನೂ ನುಂಗಿಬಿಡುತ್ತದೆ. ಜೊತೆಗೆ ಚೌಕದ ನಿಂತ ಗೆರೆ ಅದರ ಕಣ್ಣಿಗೆ `I`, `l`, `1` ಇದ್ದ ಹಾಗೆಯೇ ಕಾಣುತ್ತದೆ. ನಿಮ್ಮ ಉದಾಹರಣೆಯಲ್ಲಿ ಬಂದಿರುವ ಎರಡು `I` ಅವೇ ಗೆರೆಗಳು. ಹಾಗಂತ ಆಮೇಲೆ ಕೂತು ಎಲ್ಲ `I` ಅಳಿಸೋಕೆ ಹೋಗಬೇಡಿ, `VIJAYA` ಎಂಬ ಹೆಸರು `VJAYA` ಆಗಿಬಿಡುತ್ತದೆ.

ನೆನಪಿಡಬೇಕಾದ್ದು ಇಷ್ಟೇ: ಈ ಫಾರಂನಲ್ಲಿ ಅಕ್ಷರಕ್ಕೆ ವಿಳಾಸ ಇದೆ. ಮೂರನೇ ಸಾಲಿನ ಏಳನೇ ಚೌಕ ಅಂದರೆ ಅದು ಏಳನೇ ಚೌಕವೇ, ಅದರಲ್ಲಿ ಏನೂ ಇಲ್ಲದಿದ್ದರೂ. ಆದ್ದರಿಂದ ಜಾಗ ಅಳೆದು ಪದ ಹುಡುಕೋ ಬದಲು, ಪ್ರತಿ ಚೌಕವನ್ನೂ ಬೇರೆಯಾಗಿ ಕತ್ತರಿಸಿ, ಅದರ ನಂಬರಿನ ಸಮೇತ ಓದಿ, ಆ ನಂಬರಿನ ಪ್ರಕಾರ ಜೋಡಿಸಬೇಕು.

ಚೌಕ ಎಲ್ಲಿದೆ ಅನ್ನೋದು

ಇದು ಸುಲಭ ಅನ್ನಿಸುತ್ತದೆ. ಖಾಲಿ ಫಾರಂ ಒಂದನ್ನು ಅಳೆದು, ಮೊದಲ ಚೌಕ ಇಲ್ಲಿ, ಒಂದೊಂದು 5 ಮಿಲಿಮೀಟರ್ ಅಂತ ಬರೆದಿಟ್ಟುಕೊಂಡು, ಎಲ್ಲ ಫಾರಂಗೂ ಅದೇ ಲೆಕ್ಕ ಹಾಕಿದರೆ ಆಯಿತಲ್ವಾ? ಆಗಲ್ಲ. ಹಳೆಯ ಫಾರಂಗಳಲ್ಲಿ ಅಚ್ಚಾದದ್ದು ಕೆಲವು, ಜೆರಾಕ್ಸ್ ತೆಗೆದದ್ದು ಕೆಲವು, ಇನ್ನು ಕೆಲವನ್ನು ಯಾರೋ ಕಂಪ್ಯೂಟರಿನಿಂದ ಪ್ರಿಂಟ್ ತೆಗೆದಿರುತ್ತಾರೆ. ಪ್ರಿಂಟ್ ತೆಗೆಯುವಾಗ `Fit` ಅನ್ನೋ ಆಯ್ಕೆ ಇದ್ದರೆ ಪುಟ ಸ್ವಲ್ಪ ಕುಗ್ಗುತ್ತದೆ. ಬರೀ ಶೇಕಡಾ 2 ಕುಗ್ಗಿದೆ ಅಂದುಕೊಳ್ಳಿ. ಮೊದಲ ಚೌಕದಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ 30 ಚೌಕದ ಸಾಲು 150 ಮಿಲಿಮೀಟರ್ ಉದ್ದ, ಅದರ ಶೇಕಡಾ 2 ಅಂದರೆ 3 ಮಿಲಿಮೀಟರ್. ಅರ್ಧ ಚೌಕ 2.5 ಮಿಲಿಮೀಟರ್. ಅಂದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಕ್ಷರ ಪಕ್ಕದ ಚೌಕದ ಲೆಕ್ಕಕ್ಕೆ ಹೋಗಿರುತ್ತದೆ. ಹೆಸರಿನ ಮೊದಲರ್ಧ ಸರಿ, ಕೊನೆಯಲ್ಲಿ ಮಾತ್ರ ಅಕ್ಷರ ಅರ್ಧರ್ಧ ಕತ್ತರಿಸಿ ಬರುತ್ತಿದೆ ಅಂದರೆ ಕಾರಣ ಇದೇ ಅಂತ ತಿಳಿಯಿರಿ.

ಪರಿಹಾರ ಏನೆಂದರೆ, ಪ್ರತಿ ಸಾಲಿನ ಮೊದಲ ಗೆರೆ ಮತ್ತು ಕೊನೆಯ ಗೆರೆಯನ್ನು ಆ ಫಾರಂನಲ್ಲೇ ಹುಡುಕಿ, ಅವೆರಡರ ನಡುವಿನ ದೂರವನ್ನು ಚೌಕಗಳ ಸಂಖ್ಯೆಯಿಂದ ಭಾಗಿಸುವುದು. ಸಾಲಿನಲ್ಲಿ ಎಷ್ಟು ಚೌಕ ಅನ್ನೋದು ಮಾತ್ರ ಮೊದಲೇ ಗೊತ್ತಿರಬೇಕು, ಅಗಲವನ್ನು ಫಾರಂ ತಾನೇ ಹೇಳುತ್ತದೆ. ಪುಟ ಓರೆಯಾಗಿದ್ದರೆ ಇದಕ್ಕಿಂತ ಮುಂಚೆ ನೇರ ಮಾಡಿಕೊಳ್ಳಿ. ಸ್ಕ್ಯಾನ್ 300 ಡಿಪಿಐ ಇರಲಿ. ಆಗ 5 ಮಿಲಿಮೀಟರ್ ಚೌಕಕ್ಕೆ ಸುಮಾರು 59 ಪಿಕ್ಸೆಲ್ ಸಿಗುತ್ತದೆ, ಕೈಬರಹದ ಒಂದು ಅಕ್ಷರಕ್ಕೆ ಅಷ್ಟು ಸಾಕು.

ನಿಮ್ಮ ಚೌಕಗಳು ಕೆಂಪು ಅಥವಾ ಕಿತ್ತಳೆ ಬಣ್ಣದ ಗೆರೆಯವಾಗಿದ್ದರೆ ಅದೃಷ್ಟ. ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಚಿತ್ರದ ಕೆಂಪು ಪದರ ಮಾತ್ರ ತೆಗೆದುಕೊಳ್ಳಿ. ಅದರಲ್ಲಿ ಕೆಂಪು ಗೆರೆ ಬಿಳಿಯಾಗಿ ಮಾಯವಾಗುತ್ತದೆ, ನೀಲಿ ಪೆನ್ನಿನ ಬರಹ ಕಪ್ಪಾಗಿ ಉಳಿಯುತ್ತದೆ. ಗೆರೆ ಹುಡುಕೋಕೆ ಬಣ್ಣದ ಚಿತ್ರ, ಅಕ್ಷರ ಓದೋಕೆ ಕೆಂಪು ಪದರ. ಎಷ್ಟೋ ಅರ್ಜಿಗಳ ಚೌಕಗಳನ್ನು ತೆಳು ಕೆಂಪಿನಲ್ಲಿ ಅಚ್ಚು ಹಾಕುವುದು ಇದೇ ಉದ್ದೇಶಕ್ಕೆ. ಮೊದಲೇ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿಬಿಟ್ಟರೆ ಆ ಅನುಕೂಲ ಕೈತಪ್ಪುತ್ತದೆ.

ಕಾಣೆಯಾಗುವ ಒಂದು

ಖಾತೆ ನಂಬರಲ್ಲಿ ಒಂದು ಅಂಕಿ ಕಮ್ಮಿ ಬರುತ್ತೆ ಅಂದಿರಲ್ಲ, ಕಾಣೆಯಾದ ಅಂಕಿ ಯಾವುದು ಅಂತ ಹತ್ತು ಫಾರಂ ತೆಗೆದು ನೋಡಿ. ಹೆಚ್ಚಿನ ಕಡೆ ಅದು `1` ಆಗಿರುತ್ತದೆ. ಗೆರೆ ಕಪ್ಪಗಿದ್ದರೆ ಜನ ಸಾಮಾನ್ಯವಾಗಿ ನಿಂತ ಉದ್ದ ಗೆರೆಗಳನ್ನೆಲ್ಲ ಅಳಿಸುವ ಪ್ರೋಗ್ರಾಂ ಓಡಿಸುತ್ತಾರೆ. ಚೌಕದ ಗೋಡೆಗೆ ತಾಗಿಸಿ, ಮೇಲಿಂದ ಕೆಳಗಿನ ತನಕ ಬರೆದ `1` ಕೂಡ ಗೋಡೆಯ ಜೊತೆ ಹೊರಟುಹೋಗುತ್ತದೆ.

ಇದನ್ನು ತಪ್ಪಿಸೋಕೆ ದಪ್ಪ ನೋಡಬೇಕು. ಅಚ್ಚಿನ ಗೆರೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್, ಅಂದರೆ 300 ಡಿಪಿಐನಲ್ಲಿ 3 ಪಿಕ್ಸೆಲ್. ಬಾಲ್ ಪೆನ್ನಿನ ಗೆರೆ ಅದಕ್ಕಿಂತ ದಪ್ಪ, 5–6 ಪಿಕ್ಸೆಲ್. ಗೋಡೆಯ ಜಾಗದಲ್ಲಿ ಮೇಲಿಂದ ಕೆಳಗೆ ಒಂದೊಂದೇ ಅಡ್ಡ ಸಾಲು ನೋಡುತ್ತ ಹೋಗಿ. ಎಲ್ಲಿ ಕಪ್ಪು 3–4 ಪಿಕ್ಸೆಲ್ ಮಾತ್ರ ಇದೆಯೋ ಅಲ್ಲಿ ಅಳಿಸಿ. ಅದಕ್ಕಿಂತ ಅಗಲ ಇದ್ದರೆ ಅಲ್ಲಿ ಪೆನ್ನು ಹಾದುಹೋಗಿದೆ, ಹಾಗೇ ಬಿಡಿ. ಹೀಗೆ ಮಾಡಿದರೆ ಗೋಡೆ ಮೇಲೆ ಬರೆದ `1` ಉಳಿಯುತ್ತದೆ, ಗೋಡೆ ದಾಟಿದ `J`, `Q`, `7` ಬಾಲವೂ ತುಂಡಾಗಲ್ಲ.

ಬಾಲದ ವಿಷಯ ಬಂತು. ಚೌಕವನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ ಕತ್ತರಿಸಿದರೆ ಒಂದು ಅಕ್ಷರದ ಬಾಲ ಪಕ್ಕದ ಚೌಕಕ್ಕೆ ಬೀಳುತ್ತದೆ, ಅಲ್ಲಿರುವ `F` ಆಗ `E` ಥರ ಕಾಣುತ್ತದೆ. ಅದರ ಬದಲು ಗೋಡೆ ಅಳಿಸಿದ ಮೇಲೆ ಉಳಿದ ಶಾಯಿಯನ್ನು ತುಂಡು ತುಂಡಾಗಿ ನೋಡಿ. ಒಂದಕ್ಕೊಂದು ಅಂಟಿಕೊಂಡಿರುವ ಶಾಯಿ ಒಂದು ತುಂಡು. ಆ ತುಂಡಿನ ನಡುಬಿಂದು ಯಾವ ಚೌಕದಲ್ಲಿದೆಯೋ ಇಡೀ ತುಂಡು ಆ ಚೌಕದ್ದು. ಚಿತ್ರಗಳ ಮೇಲೆ ಕೆಲಸ ಮಾಡುವ ಲೈಬ್ರರಿಯಾದ ಓಪನ್‌ಸಿವಿಯಲ್ಲಿ ಇದಕ್ಕೆ `connectedComponentsWithStats` ಇದೆ, ನಡುಬಿಂದುವನ್ನೂ ಅದೇ ಕೊಡುತ್ತದೆ. ಎರಡು ಚೌಕದ ಅಕ್ಷರಗಳೇ ಒಂದಕ್ಕೊಂದು ತಾಗಿಕೊಂಡಿದ್ದರೆ ಮಾತ್ರ ಗೋಡೆಯ ಜಾಗದಲ್ಲಿ ಕತ್ತರಿಸದೆ ಬೇರೆ ದಾರಿಯಿಲ್ಲ. ತುಂಡಿನ ಅಗಲ ಒಂದೂವರೆ ಚೌಕ ದಾಟಿದ್ದರೆ ಅಂಥದ್ದು ಅಂತ ಗೊತ್ತಾಗುತ್ತದೆ.

ಖಾಲಿ ಬೇರೆ, ಓದಲಾಗದ್ದು ಬೇರೆ

ನಾನು ನೋಡಿದ ಕೆಲಸಗಳಲ್ಲಿ ಅತಿ ಹೆಚ್ಚು ಹಾಳು ಮಾಡಿದ ತಪ್ಪು ಇದು. ಓಸಿಆರ್‌ಗೆ ಒಂದು ಚೌಕ ಕೊಟ್ಟಾಗ ಅದು ಏನೂ ಉತ್ತರ ಕೊಡದಿದ್ದರೆ ಜನ ಅದನ್ನು ಖಾಲಿ ಅಂತ ಬರೆದುಬಿಡುತ್ತಾರೆ. ನಿಜಕ್ಕೂ ಖಾಲಿ ಇರುವ ಚೌಕ ಪದಗಳ ನಡುವಿನ ಜಾಗ. ಓದಲಾಗದ ಚೌಕ ಒಂದು ಅಕ್ಷರ, ಏನು ಅಂತ ಗೊತ್ತಿಲ್ಲ ಅಷ್ಟೆ. ಇವೆರಡನ್ನೂ ಒಂದೇ ಮಾಡಿದರೆ `SURESHA` ಎಂಬುದು `SUR SHA` ಆಗುತ್ತದೆ, ಆಮೇಲೆ ಯಾರಿಗೂ ಅದು ತಪ್ಪು ಅಂತಲೂ ಗೊತ್ತಾಗಲ್ಲ. `SUR?SHA` ಅಂತ ಬಂದರೆ ಕನಿಷ್ಠ ಫಾರಂ ತೆಗೆದು ನೋಡುತ್ತೀರಿ.

ಆದ್ದರಿಂದ ಖಾಲಿ ಹೌದೋ ಅಲ್ಲವೋ ಅನ್ನೋದನ್ನು ಓಸಿಆರ್‌ಗೆ ಕೇಳಲೇಬೇಡಿ. ಗೋಡೆ ಅಳಿಸಿ, ತುಂಡುಗಳನ್ನು ಹಂಚಿದ ಮೇಲೆ ಆ ಚೌಕಕ್ಕೆ ಸೇರಿದ ಶಾಯಿ ಅಳೆದು ನೀವೇ ತೀರ್ಮಾನಿಸಿ. ಲೆಕ್ಕ ನೋಡಿ: 59 ಪಿಕ್ಸೆಲ್ ಚೌಕದಲ್ಲಿ ನಾಲ್ಕೂ ಕಡೆ 6 ಪಿಕ್ಸೆಲ್ ಬಿಟ್ಟರೆ ಒಳಗೆ 47 × 47, ಸುಮಾರು 2,200 ಪಿಕ್ಸೆಲ್. ಅತಿ ಕಮ್ಮಿ ಶಾಯಿ ಬೇಕಾಗೋದು `1` ಬರೆಯೋಕೆ. 40 ಉದ್ದ, 5 ದಪ್ಪ ಅಂದರೂ 200 ಪಿಕ್ಸೆಲ್, ಅಂದರೆ ಶೇಕಡಾ 9. ಪೆನ್ನು ತಾಗಿದ ಚುಕ್ಕೆಯೋ ಧೂಳೋ ಆದರೆ ಶೇಕಡಾ 1ರ ಆಸುಪಾಸು. ಹಾಗಾಗಿ ಶೇಕಡಾ 3ಕ್ಕಿಂತ ಕಮ್ಮಿ ಇದ್ದರೆ ಖಾಲಿ ಅನ್ನಬಹುದು. ಇನಿಷಿಯಲ್ ಆದಮೇಲೆ ಕೆಲವರು ಒಂದು ಚೌಕದಲ್ಲಿ ಬರೀ ಚುಕ್ಕೆ ಇಡುತ್ತಾರೆ, ಅದೂ ಈ ಲೆಕ್ಕದಲ್ಲಿ ಖಾಲಿ ಆಗುತ್ತದೆ, ಹೆಸರಿನಲ್ಲಿ ನಮಗೆ ಬೇಕಾದ್ದೂ ಅದೇ. ಪೆನ್ಸಿಲ್ ಬರಹ, ಮಾಸಿದ ಶಾಯಿ ಇದ್ದರೆ ಈ ಮಿತಿ ಬದಲಾಗುತ್ತದೆ. ನಿಮ್ಮದೇ ಐವತ್ತು ಫಾರಂ ಮೇಲೆ ಒಮ್ಮೆ ಅಳೆದು ನೋಡಿ.

ಜೋಡಿಸುವಾಗ

ವಿಳಾಸದ ಎರಡು ಸಾಲು ತೆಗೆದುಕೊಳ್ಳೋಣ, ಒಂದೊಂದರಲ್ಲಿ 20 ಚೌಕ. ಮೊದಲ ಸಾಲಿನಲ್ಲಿ `NEAR BASAVESHWARA TE`, ಎರಡನೆಯದರಲ್ಲಿ `MPLE ROAD`. ಜಾಗ ಮುಗಿಯಿತು, ಬರೆದವರು ಪದ ಮುರಿದು ಕೆಳಗೆ ಮುಂದುವರಿಸಿದ್ದಾರೆ. ಸಾಲು ಸಾಲಿಗೂ ನಡುವೆ ಒಂದು ಜಾಗ ಕೊಟ್ಟು ಜೋಡಿಸಿದರೆ `TE MPLE` ಬರುತ್ತದೆ. ಜಾಗ ಕೊಡದೆ ಜೋಡಿಸಿದರೆ ಸರಿಯಾಗಿ `TEMPLE`. ಮೊದಲ ಸಾಲಿನ ಕೊನೆಯ ಚೌಕಗಳು ಖಾಲಿ ಬಿಟ್ಟಿದ್ದರೆ ಆ ಖಾಲಿಯೇ ಜಾಗ ಆಗುತ್ತದೆ. ಹಾಗಾಗಿ ಕೋಡ್ ಇಷ್ಟೇ:

```python
def join_row(cells):      # '' = ಖಾಲಿ, '?' = ಓದಲಾಗಲಿಲ್ಲ
    return ''.join(c or ' ' for c in cells)

text = ''.join(join_row(r) for r in rows)
text = ' '.join(text.split())
```

ಇದರಲ್ಲಿ ಗಮನಿಸಬೇಕಾದ್ದು, ಒಂದೊಂದು ಸಾಲಿಗೂ `strip()` ಹಾಕಿಲ್ಲ. ಅಭ್ಯಾಸಬಲದಿಂದ ಹಾಕಿಬಿಡುತ್ತೇವೆ, ಹಾಕಿದರೆ ಸಾಲಿನ ಕೊನೆಯ ಖಾಲಿ ಚೌಕ ಹೋಗಿ ಪದಗಳು ಅಂಟಿಕೊಳ್ಳುತ್ತವೆ. ನಿಮ್ಮ ವಿಳಾಸಗಳಲ್ಲಿ ಆಗುತ್ತಿರುವುದರಲ್ಲಿ ಇದರ ಪಾಲೂ ಇರಬಹುದು, ಒಮ್ಮೆ ನೋಡಿ.

ಒಂದು ಕಡೆ ಮಾತ್ರ ಈ ಕೋಡ್ ಸೋಲುತ್ತದೆ. `NO 12 HOSAMANE CROSS` ಎಣಿಸಿ ನೋಡಿ, ಸರಿಯಾಗಿ 20. ಕೊನೆಯ ಚೌಕಕ್ಕೆ ಪದ ಮುಗಿಯಿತು, ಕೆಳಗಿನ ಸಾಲಿನ ಮೊದಲ ಚೌಕದಿಂದಲೇ `SHIVAMOGGA` ಶುರು. ಜೋಡಿಸಿದರೆ `CROSSSHIVAMOGGA`. ಮೇಲಿನ ಸಾಲಿನ ಕೊನೆ ಮತ್ತು ಕೆಳಗಿನ ಸಾಲಿನ ಮೊದಲು ಎರಡೂ ತುಂಬಿದ್ದಾಗ ಪದ ಮುರಿದಿದೆಯೋ ಮುಗಿದಿದೆಯೋ ಅಂತ ಚೌಕ ನೋಡಿ ಹೇಳೋಕೆ ಆಗಲ್ಲ. ಇಲ್ಲಿ ಪದಪಟ್ಟಿ ಬೇಕು. ನಿಮ್ಮ ತಾಲ್ಲೂಕಿನ ಊರುಗಳು, ಬಡಾವಣೆಗಳು, ಜೊತೆಗೆ `CROSS`, `ROAD`, `POST`, `TALUK` ಥರದವು. ಎರಡು ತುಂಡೂ ಬೇರೆ ಬೇರೆಯಾಗಿ ಪಟ್ಟಿಯಲ್ಲಿದ್ದರೆ ಜಾಗ ಕೊಡಿ, ಕೂಡಿಸಿದಾಗ ಮಾತ್ರ ಸಿಕ್ಕರೆ ಕೂಡಿಸಿ, ಎರಡೂ ಇಲ್ಲದಿದ್ದರೆ ಮನುಷ್ಯರು ನೋಡಲಿ. ನಾಲ್ಕು ಸಾವಿರ ಫಾರಂ ಅಂದರೆ ಒಂದು ಸಂಘದ ಸುತ್ತಮುತ್ತಲ ಊರುಗಳು, ಪಟ್ಟಿ ದೊಡ್ಡದೇನೂ ಆಗಲ್ಲ.

ನಂಬರುಗಳಲ್ಲಿ ಇದು ತಿರುಗುಮುರುಗು. ಅಲ್ಲಿ ನಡುವೆ ಜಾಗ ಅನ್ನೋದೇ ಇಲ್ಲ, ಹಾಗಾಗಿ ನಡುವೆ ಖಾಲಿ ಚೌಕ ಸಿಕ್ಕರೆ ಅದನ್ನು ಮುಚ್ಚಿ ಜೋಡಿಸಬೇಡಿ. ಅದು ಅಂಕಿ ಬಿಟ್ಟುಹೋದ ಗುರುತು. ನಡುವಿನ ಖಾಲಿಯನ್ನು ಸುಮ್ನೆ ತೆಗೆದುಬಿಟ್ಟರೆ ಒಂದು ಅಂಕಿ ಕಮ್ಮಿ ಇರುವ, ಆದರೆ ನೋಡೋಕೆ ಸರಿಯಾಗಿರುವ ನಂಬರು ತಯಾರಾಗುತ್ತದೆ. ಹಿಂದೊಮ್ಮೆ ನಾನು ಮಾಡಿಕೊಟ್ಟ ಕೆಲಸವೊಂದರಲ್ಲಿ ಹೀಗೇ ಆಗಿತ್ತು. ಬೇರೆಯವರ ದುಡ್ಡಿನ ವಿಷಯ ಅದು, ಆಮೇಲೆ ಇಡೀ ಕಟ್ಟನ್ನು ಮತ್ತೆ ಕೂತು ನೋಡಬೇಕಾಯಿತು. ನಂಬರಿನ ಶುರುವಿನಲ್ಲಿ ಬರುವ ಸೊನ್ನೆಗಳ ಬಗ್ಗೆಯೂ ಜಾಗ್ರತೆ. ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ಮೊದಲೇ `Text` ಮಾಡಿಡಿ. ಇಲ್ಲದಿದ್ದರೆ ಮೊದಲ ಸೊನ್ನೆಗಳು ಹೋಗುತ್ತವೆ. 16 ಅಂಕಿಯ ಖಾತೆ ನಂಬರಾದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ, ಯಾಕೆಂದರೆ ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ.

ಚೌಕದ ನಂಬರು ಗೊತ್ತಿರೋದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಪಾನ್ ನಂಬರಿನಲ್ಲಿ 10 ಚೌಕ. ಮೊದಲ ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಎರಡನೇ ಚೌಕದಲ್ಲಿ `0` ಅಂತ ಓದಿದ್ದರೆ ಅದು ಅಕ್ಷರ `O` ಆಗಿರಬೇಕು, ಏಳನೆಯದರಲ್ಲಿ `S` ಬಂದರೆ ಅದು `5` ಆಗಿರಬೇಕು. ಇದಕ್ಕಿಂತ ಒಳ್ಳೆಯದು, ಓದುವ ಮೊದಲೇ ಆ ಚೌಕದಲ್ಲಿ ಏನು ಬರಬಹುದು ಅಂತ ಓದುವ ಪ್ರೋಗ್ರಾಂಗೆ ಹೇಳಿಬಿಡುವುದು. ವ್ಯಕ್ತಿಯ ಪಾನ್ ಆದರೆ ನಾಲ್ಕನೇ ಅಕ್ಷರ `P` ಇರಲೇಬೇಕು. ಐದನೆಯದು ಸರ್‌ನೇಮಿನ ಮೊದಲ ಅಕ್ಷರ, ಹೆಸರಿನ ಸಾಲಿನ ಜೊತೆ ಹೋಲಿಸಬಹುದು. ಐಎಫ್‌ಎಸ್‌ಸಿ ಕೋಡಿನ 11 ಚೌಕದಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಖಾತೆ ನಂಬರಿಗೆ ಮಾತ್ರ ಎಲ್ಲ ಬ್ಯಾಂಕಿಗೂ ಒಪ್ಪುವ ಇಂಥ ನಿಯಮ ಇಲ್ಲ, ಹಾಗಾಗಿ ಅಲ್ಲಿ ಯಾವ ತಿದ್ದುಪಡಿಯನ್ನೂ ಕಂಪ್ಯೂಟರಿಗೆ ಬಿಡಬೇಡಿ.

ತಪ್ಪು ಹುಡುಕುವ ಒಂದು ಒಳ್ಳೆಯ ಕ್ರಮ

ಎಷ್ಟೇ ಮಾಡಿದರೂ ಕೈಬರಹದಲ್ಲಿ ತಪ್ಪು ಇರುತ್ತದೆ. ಟೆಸರಾಕ್ಟ್ ಅನ್ನೋ ಓಸಿಆರ್ ಪ್ರೋಗ್ರಾಂ ಅಂತೂ ಅಚ್ಚಿನ ಅಕ್ಷರಕ್ಕೆ ಮಾಡಿದ್ದು, `--psm 10` ಕೊಟ್ಟು ಒಂದೇ ಅಕ್ಷರ ಓದು ಅಂದರೂ ಕೈಬರಹದಲ್ಲಿ ಎಡವುತ್ತದೆ. ಕೈಬರಹದ ಬಿಡಿ ಅಕ್ಷರಕ್ಕೇ ತಯಾರಾದ ಮಾಡೆಲ್ ಉತ್ತಮ. ನಿಮ್ಮದೇ ಚೌಕಗಳಲ್ಲಿ ಕೆಲವು ಸಾವಿರಕ್ಕೆ ಹೆಸರಿಟ್ಟು ಕಲಿಸಿದರೆ ಇನ್ನೂ ಉತ್ತಮ.

ಏನೇ ಬಳಸಿದರೂ ಕೊನೆಗೆ ಹೀಗೆ ನೋಡಿ. ಎಲ್ಲ ಫಾರಂಗಳಿಂದ `7` ಅಂತ ಓದಿದ ಚೌಕಗಳನ್ನೆಲ್ಲ ಒಟ್ಟು ಮಾಡಿ, ಹತ್ತು ಸಾಲು ಹತ್ತು ಕಾಲಂ, ನೂರು ಚೌಕ ಒಂದೇ ಪರದೆ ಮೇಲೆ ಹರಡಿ. ತೊಂಬತ್ತೆಂಟು ಏಳುಗಳ ನಡುವೆ ಕೂತಿರುವ ಎರಡು `1` ಅಕ್ಕಿಯಲ್ಲಿನ ಕಲ್ಲಿನ ಹಾಗೆ ಕಣ್ಣಿಗೆ ಬೀಳುತ್ತವೆ. ಅವನ್ನು ಕ್ಲಿಕ್ ಮಾಡಿ ತಿದ್ದಿ, ಮುಂದಿನ ಪರದೆ. ಒಂದೊಂದು ಫಾರಂ ತೆಗೆದು ನಂಬರು ಹೋಲಿಸುವುದಕ್ಕಿಂತ ಇದು ಎಷ್ಟೋ ಬೇಗ, ಕಣ್ಣಿಗೂ ದಣಿವು ಕಮ್ಮಿ. ಹೋಲಿಸುವಾಗ ಮನಸ್ಸು ತಾನಾಗಿ ಸರಿ ಅಂದುಬಿಡುತ್ತದೆ, ಇಲ್ಲಿ ಹಾಗಾಗಲ್ಲ. ಇನ್ನೊಂದು ಅನುಕೂಲ, ನೋಡುವವರಿಗೆ ಯಾರ ಪೂರ್ತಿ ಖಾತೆ ನಂಬರೂ ಕಾಣಲ್ಲ. ಇದಕ್ಕೆ ಬೇಕಾದ್ದು ಒಂದೇ: ಕತ್ತರಿಸಿದ ಪ್ರತಿ ಚೌಕದ ಫೈಲ್ ಹೆಸರಿನಲ್ಲಿ ಫಾರಂ ನಂಬರು, ಸಾಲು, ಚೌಕ ಮೂರೂ ಇರಲಿ, `0412_r3_c07.png` ಥರ.

ಕನ್ನಡದ ಸಾಲು

ಇಲ್ಲಿ ಲೆಕ್ಕವೇ ಬೇರೆ. ಇಂಗ್ಲಿಷಿನಲ್ಲಿ ಒಂದು ಚೌಕ ಅಂದರೆ ಒಂದು ಅಕ್ಷರ, ಕಂಪ್ಯೂಟರಿಗೂ ಒಂದೇ. ಕನ್ನಡದಲ್ಲಿ ನಾವು ಶಿವಮೊಗ್ಗ ಅಂತ ಬರೆಯೋಕೆ ನಾಲ್ಕು ಚೌಕ ಬಳಸುತ್ತೇವೆ: ಶಿ, ವ, ಮೊ, ಗ್ಗ. ಯುನಿಕೋಡ್‌ನಲ್ಲಿ ಅದು ಎಂಟು ಸಂಕೇತ. ಆದ್ದರಿಂದ ಚೌಕಗಳ ಸಂಖ್ಯೆಗೂ ಪದದ ಉದ್ದಕ್ಕೂ ತಾಳೆ ನೋಡುವ ಕೋಡ್ ಇದ್ದರೆ ಈ ಸಾಲಿಗೆ ಅದನ್ನು ತೆಗೆದುಹಾಕಿ. ಚೌಕ ಕತ್ತರಿಸುವಾಗ ಕೆಳಗೆ ಜಾಸ್ತಿ ಜಾಗ ಬಿಡಿ, ಒತ್ತಕ್ಷರ ಚೌಕದ ಕೆಳಗಿನ ಗೆರೆ ದಾಟಿಯೇ ಇರುತ್ತದೆ. ಒತ್ತು ಬೇರೆ ತುಂಡಾಗಿ ಬರೋದರಿಂದ ಅದರ ನಡುಬಿಂದುವನ್ನು ಎಡ–ಬಲದ ಲೆಕ್ಕದಲ್ಲಿ ಮಾತ್ರ ನೋಡಿ, ಮೇಲಿನ ಅಕ್ಷರದ ಜೊತೆ ಸೇರಿಸಿ.

ಬರೆದವರೆಲ್ಲ ಒಂದೇ ರೀತಿ ಚೌಕ ಬಳಸಿರಲ್ಲ. ಬೆಂಗಳೂರು ಅನ್ನೋದನ್ನು ಕೆಲವರು ಬೆಂ, ಗ, ಳೂ, ರು ಅಂತ ನಾಲ್ಕು ಚೌಕದಲ್ಲಿ ಬರೆದರೆ, ಇನ್ನು ಕೆಲವರು ಸೊನ್ನೆಗೆ ಬೇರೆ ಚೌಕ ಕೊಟ್ಟು ಐದು ಮಾಡುತ್ತಾರೆ. ಒಂಟಿಯಾಗಿ ಕೂತ ಆ ಅನುಸ್ವಾರ ಕನ್ನಡದ ಅಂಕಿ ೦ ಥರವೇ ಕಾಣುತ್ತದೆ. ಹೆಸರಿನ ಸಾಲಿನಲ್ಲಿ ಅಂಕಿ ಬರಲ್ಲ ಅನ್ನೋ ನಿಯಮ ಹಾಕಿ, ಒಂಟಿ ಸೊನ್ನೆ ಬಂದರೆ ಹಿಂದಿನ ಚೌಕಕ್ಕೆ ಅನುಸ್ವಾರವಾಗಿ ಅಂಟಿಸಿ.

ಅರ್ಕಾವೊತ್ತು ಇದಕ್ಕಿಂತ ಕಷ್ಟ. ಕರ್ನಾಟಕ ಬರೆಯುವಾಗ ನಾ ಬರೆದು ಆಮೇಲೆ ಅರ್ಕಾವೊತ್ತು ಇಡುತ್ತೇವೆ, ಎಷ್ಟೋ ಜನ ಅದನ್ನು ಮುಂದಿನ ಚೌಕದಲ್ಲಿ ಇಟ್ಟಿರುತ್ತಾರೆ. ಅದು ನೋಡೋಕೆ ಅಂಕಿ ೯. ಚೌಕಗಳ ಪ್ರಕಾರ ಓದಿದರೆ ಕ, ನಾ, ೯, ಟ, ಕ. ಆದರೆ ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು, ನಾ ಆಮೇಲೆ. ಅಂದರೆ ಇಲ್ಲಿ ಬರೀ ಸಾಲಾಗಿ ಜೋಡಿಸಿದರೆ ಸಾಲದು, ಒಂಟಿ ೯ ಸಿಕ್ಕಾಗ ಅದನ್ನು ತೆಗೆದು ಹಿಂದಿನ ಚೌಕದ ಮುಂದೆ ರ್ ಹಾಕಬೇಕು:

```python
out = []
for c in cells:
    if c == '೯' and out:
        out[-1] = 'ರ್' + out[-1]
    elif c == '೦' and out:
        out[-1] += 'ಂ'
    else:
        out.append(c or ' ')
name = ''.join(out)
```

ಇಷ್ಟಾದ ಮೇಲೂ ಕನ್ನಡದ ಕೈಬರಹವನ್ನು ಚೌಕದಿಂದ ಓದೋದು ಇಂಗ್ಲಿಷಿನಷ್ಟು ನಂಬಿಕೆಯ ಕೆಲಸ ಅಲ್ಲ, ಗುಣಿತ, ಒತ್ತು ಎಲ್ಲ ಸೇರಿ ಆಕಾರಗಳು ಬಹಳ. ಹಾಗಾಗಿ ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಕನ್ನಡದ ಸಾಲನ್ನು ಚಿತ್ರವಾಗಿಯೇ ಉಳಿಸಿಕೊಂಡು, ಸಂಘದಲ್ಲೇ ಕನ್ನಡ ಟೈಪ್ ಬಲ್ಲ ಇಬ್ಬರಿಂದ ಬೇರೆ ಬೇರೆಯಾಗಿ ಟೈಪ್ ಮಾಡಿಸಿ, ಎರಡೂ ಒಂದೇ ಬಂದದ್ದನ್ನು ಮಾತ್ರ ಒಪ್ಪಿಕೊಳ್ಳುತ್ತಿದ್ದೆ. ಸದಸ್ಯರ ಊರು, ಮನೆತನ ಗೊತ್ತಿರುವವರು ಕೂತರೆ ನಾಲ್ಕು ಸಾವಿರ ಹೆಸರು ಕೆಲವೇ ದಿನದ ಕೆಲಸ. ಆ ಟೈಪ್ ಮಾಡಿದ ಹೆಸರನ್ನು ಇಂಗ್ಲಿಷ್ ಸಾಲಿನ ಜೊತೆ ಹೋಲಿಸಿದರೆ, ಅಲ್ಲಿ ಉಳಿದಿರುವ `?`ಗಳಲ್ಲೂ ಹೆಚ್ಚಿನವು ತುಂಬಿಕೊಳ್ಳುತ್ತವೆ.